ಮೊದಲು ಕೆಲಸವೋ, ಮೊದಲು ಮಾನ್ಯತೆಯೋ?

ಮಂಗಳೂರಿನ ಕಂಕನಾಡಿಯಂಥ ಜಾಗಗಳಲ್ಲಿ ನರ್ಸಿಂಗ್ ಕಾಲೇಜು ಇದ್ದಲ್ಲಿ ಐಇಎಲ್‌ಟಿಎಸ್, ಒಇಟಿ, ಜರ್ಮನ್ ಕಲಿಸುತ್ತೇವೆ ಎನ್ನುವ ಬೋರ್ಡುಗಳೂ ಇರುತ್ತವೆ. ಬಿಎಸ್ಸಿ ಮುಗಿಸಿ ಎರಡು ಮೂರು ವರ್ಷ ವಾರ್ಡು, ಐಸಿಯುಗಳಲ್ಲಿ ದುಡಿದವರು ಅಲ್ಲಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಎಲ್ಲಿ ಸಂಬಳ ಜಾಸ್ತಿ? ಅದು ತಪ್ಪು ಪ್ರಶ್ನೆಯಲ್ಲ, ಆದರೆ ಮೊದಲು ಕೇಳಬೇಕಾದ್ದಲ್ಲ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯ ಹೊಸ ನರ್ಸಿಗೆ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ಜರ್ಮನಿಯಲ್ಲಿ ವೃದ್ಧರ ಆರೈಕೆ ಕ್ಷೇತ್ರದಲ್ಲಿ ಪೂರ್ಣ ಮಾನ್ಯತೆ ಪಡೆದ ನರ್ಸಿಗೆ 2025ರ ಜುಲೈನಿಂದ ಗಂಟೆಗೆ ಕನಿಷ್ಠ 20.50 ಯೂರೋ. ಎರಡನ್ನೂ ರೂಪಾಯಿಗೆ ತಿರುಗಿಸಿ ಪಕ್ಕಪಕ್ಕ ಇಟ್ಟರೆ ದೇಶ ಆರಿಸುವಷ್ಟು ದೊಡ್ಡ ಅಂತರ ಕಾಣುವುದಿಲ್ಲ. ಅಂತರ ಇರುವುದು ಆ ಸಂಬಳ ಕೈಗೆ ಬರುವ ಮುಂಚೆ ದಾಟಬೇಕಾದ ದಾರಿಯಲ್ಲಿ.

ಆ ದಾರಿಯಲ್ಲಿ ಮೂರು ಜನರ ಒಪ್ಪಿಗೆ ಬೇಕು. ನಿಮ್ಮನ್ನು ಕರೆಸಿಕೊಳ್ಳಲು ಸಿದ್ಧವಿರುವ, ಅದಕ್ಕೆ ಅಧಿಕಾರವೂ ಇರುವ ಆಸ್ಪತ್ರೆ ಒಂದು. ಯಾವ ವೃತ್ತಿಯವರಿಗೆ ವೀಸಾ ಸುಲಭ ಮಾಡಬೇಕು ಎಂದು ಪಟ್ಟಿ ಮಾಡುವ ಸರ್ಕಾರ ಇನ್ನೊಂದು. ನಿಮ್ಮ ಓದು ನಮ್ಮಲ್ಲಿ ಸಲ್ಲುತ್ತದೆ ಎಂದು ಹೇಳುವ ಅಲ್ಲಿನ ನರ್ಸಿಂಗ್ ಮಂಡಳಿ ಮೂರನೆಯದು. ಇವರಲ್ಲಿ ಒಬ್ಬರು ಹೂಂ ಅಂದದ್ದಕ್ಕೆ ಇನ್ನೊಬ್ಬರು ಹೂಂ ಅನ್ನಬೇಕೆಂದಿಲ್ಲ. ಈ ಮೂರು ಒಪ್ಪಿಗೆಗಳು ಯಾವ ಸರದಿಯಲ್ಲಿ ಬರಬೇಕು ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ. ನನ್ನ ಮಟ್ಟಿಗೆ, ದೇಶ ಆರಿಸುವಾಗ ನೋಡಬೇಕಾದ್ದು ಈ ಸರದಿಯನ್ನೇ.

ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಶ್ವೇತಾ ಎಂದಿಟ್ಟುಕೊಳ್ಳಿ, 27 ವರ್ಷ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್ ಪದವಿ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ, ಮೂರು ವರ್ಷದ ಐಸಿಯು ಅನುಭವ. ಬ್ರಿಟನ್, ಐರ್ಲೆಂಡ್, ಜರ್ಮನಿ ಈ ಮೂರರ ನಡುವೆ ಆಕೆಗೆ ಗೊಂದಲ.

ಬ್ರಿಟನ್ನಿನಿಂದ ಶುರು ಮಾಡೋಣ. ಅಲ್ಲಿ ನರ್ಸ್ ಎನಿಸಿಕೊಳ್ಳಲು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿಯ ನೋಂದಣಿ ಬೇಕು. ಅದಕ್ಕೆ ಎರಡು ಪರೀಕ್ಷೆಗಳಿವೆ. ಸಿಬಿಟಿ ಎನ್ನುವುದು ಕಂಪ್ಯೂಟರ್ ಮುಂದೆ ಕೂತು ಬರೆಯುವಂಥದ್ದು. ಔಷಧದ ಪ್ರಮಾಣದ ಲೆಕ್ಕ ಒಂದು ಭಾಗ, ನರ್ಸಿಂಗ್ ಜ್ಞಾನ ಇನ್ನೊಂದು ಭಾಗ. ಇದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯದು ಓಸ್ಕಿ. ಹತ್ತು ಸ್ಟೇಷನ್‌ಗಳಲ್ಲಿ ರೋಗಿಯ ಪಾತ್ರ ಮಾಡುವವರನ್ನೋ ಮಾದರಿ ದೇಹವನ್ನೋ ಮುಂದಿಟ್ಟುಕೊಂಡು ಕೆಲಸ ಮಾಡಿ ತೋರಿಸಬೇಕು, ಅದೂ ಬ್ರಿಟನ್ನಿಗೆ ಹೋಗಿಯೇ. ಇದರ ಜೊತೆಗೆ ಐಇಎಲ್‌ಟಿಎಸ್‌ನಲ್ಲಿ ಓದು, ಆಲಿಕೆ, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬರಬೇಕು.

ಬ್ರಿಟನ್ನಿನ ವೈಶಿಷ್ಟ್ಯ ಇರುವುದು ಇಲ್ಲಿಯೇ. ಸಿಬಿಟಿ ಮುಗಿದಿದ್ದರೆ ಸಾಕು, ಪೂರ್ಣ ನೋಂದಣಿ ಆಗುವ ಮುಂಚೆಯೇ ಆಸ್ಪತ್ರೆ ನಿಮ್ಮನ್ನು ಕರೆಸಿಕೊಳ್ಳಬಹುದು. ಅಲ್ಲಿ ಸಹಾಯಕ ಹುದ್ದೆಯಲ್ಲಿ ಕೆಲಸ ಶುರು ಮಾಡಿ, ಮೂರು ತಿಂಗಳೊಳಗೆ ಒಮ್ಮೆ ಓಸ್ಕಿಗೆ ಕೂರಬೇಕು, ಎಂಟು ತಿಂಗಳೊಳಗೆ ಪಾಸಾಗಿ ನೋಂದಣಿ ಮಾಡಿಸಿಕೊಳ್ಳಬೇಕು. ಅಂದರೆ ಕೆಲಸ ಮೊದಲು, ಪೂರ್ಣ ಮಾನ್ಯತೆ ಆಮೇಲೆ. ಭಾಷೆ ಇಂಗ್ಲಿಷೇ ಆದ್ದರಿಂದ, ಆಸ್ಪತ್ರೆ ಸಿಕ್ಕಿದರೆ ಇದು ಬೇಗ ಮುಗಿಯುವ ದಾರಿ. ಆದರೆ ಓಸ್ಕಿಯ ಭಾರವನ್ನು ಪರದೇಶದಲ್ಲಿ, ವೀಸಾದ ಗಡುವು ತಲೆಯ ಮೇಲಿರುವಾಗ ಹೊರಬೇಕಾಗುತ್ತದೆ. ಒಂದು ಅರ್ಜಿಯಲ್ಲಿ ಮೂರು ಸಲ ಪ್ರಯತ್ನಿಸಬಹುದು. ನಮ್ಮ ಕಡೆಯ ನರ್ಸುಗಳು ಇಲ್ಲಿ ಎಡವುವುದು ಸೂಜಿ ಚುಚ್ಚಲು ಬಾರದೆ ಅಲ್ಲ. ಒಬ್ಬರೇ ಇಪ್ಪತ್ತು ಹಾಸಿಗೆ ನೋಡಿಕೊಳ್ಳುವ ವಾರ್ಡಿನಲ್ಲಿ ಬೆಳೆದ ಕೈಗೆ, ರೋಗಿಯ ಕೈಪಟ್ಟಿಯ ಹೆಸರು ಓದಿ, ಅಲರ್ಜಿ ಇದೆಯೇ ಎಂದು ಕೇಳಿ, ಏನು ಮಾಡಲಿದ್ದೇನೆಂದು ವಿವರಿಸಿ, ಒಪ್ಪಿಗೆ ಪಡೆದು, ಆಮೇಲೆ ಮಾತ್ರ ಮುಂದುವರಿಯುವ ಅಭ್ಯಾಸ ಇರುವುದಿಲ್ಲ. ಪರೀಕ್ಷಕರು ಅಂಕ ಕೊಡುವುದು ಆ ಹೆಜ್ಜೆಗಳಿಗೇ.

ಎನ್‌ಎಂಸಿಯ ಅರ್ಜಿ ಪರಿಶೀಲನೆ, ಎರಡು ಪರೀಕ್ಷೆ, ನೋಂದಣಿ ಎಲ್ಲ ಸೇರಿ ಶುಲ್ಕ ಸುಮಾರು 1,170 ಪೌಂಡ್. ಇದರಲ್ಲಿ ಓಸ್ಕಿಯದೇ 794. ದೊಡ್ಡ ಸರ್ಕಾರಿ ಆಸ್ಪತ್ರೆಗಳು ಇದರಲ್ಲಿ ಬಹುಪಾಲನ್ನು ತಾವೇ ಕೊಡುವುದುಂಟು. ಬದಲಿಗೆ ಎರಡೋ ಮೂರೋ ವರ್ಷದೊಳಗೆ ಬಿಟ್ಟು ಹೋದರೆ ಹಣ ವಾಪಸ್ ಕೊಡಬೇಕೆಂಬ ಷರತ್ತು ಇರಬಹುದು. ಅಂಥ ಷರತ್ತಿನಲ್ಲಿ ನೋಡಬೇಕಾದ್ದು ಮೊತ್ತವನ್ನಷ್ಟೇ ಅಲ್ಲ, ತಿಂಗಳು ಕಳೆದಂತೆ ಅದು ಇಳಿಯುತ್ತದೆಯೇ ಎಂಬುದನ್ನು. ಇಳಿಯದಿದ್ದರೆ ಸಹಿ ಹಾಕುವ ಮುಂಚೆ ಯಾಕೆಂದು ಕೇಳಬೇಕು.

ಇನ್ನು ಪ್ರಾಯೋಜಕತ್ವ. ಬ್ರಿಟನ್ನಿನಲ್ಲಿ ವಿದೇಶಿಯರನ್ನು ಕೆಲಸಕ್ಕೆ ಕರೆಸಲು ಸಂಸ್ಥೆಗೆ ಗೃಹ ಇಲಾಖೆಯ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ಸಂಸ್ಥೆ ನಿಮ್ಮ ಹೆಸರಿಗೆ, ನಿರ್ದಿಷ್ಟ ಹುದ್ದೆ ಮತ್ತು ಸಂಬಳಕ್ಕೆ, ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡುತ್ತದೆ. ಹೆಸರು ಸರ್ಟಿಫಿಕೇಟ್ ಎಂದಿದ್ದರೂ ಅದು ಕಂಪ್ಯೂಟರಿನಲ್ಲಿರುವ ಒಂದು ದಾಖಲೆ. ವೀಸಾ ಅರ್ಜಿಗೆ ಬೇಕಾಗುವುದು ಅದರ ಉಲ್ಲೇಖ ಸಂಖ್ಯೆ. ಲೈಸೆನ್ಸ್ ಪಡೆದವರ ಪೂರ್ತಿ ಪಟ್ಟಿ gov.uk ತಾಣದಲ್ಲಿ Register of licensed sponsors: workers ಎಂಬ ಹೆಸರಲ್ಲಿ ಯಾರು ಬೇಕಾದರೂ ನೋಡುವಂತೆ ಇದೆ. ಸಂಸ್ಥೆಯ ಹೆಸರು, ಊರು, ದರ್ಜೆ, ಯಾವ ಬಗೆಯ ವೀಸಾಕ್ಕೆ ಲೈಸೆನ್ಸ್ ಎನ್ನುವುದೆಲ್ಲ ಅಲ್ಲಿ ಸಿಗುತ್ತದೆ. ಆದರೆ ಆ ಪಟ್ಟಿಯಲ್ಲಿ ಹೆಸರಿದೆ ಎಂದರೆ ಅಲ್ಲಿ ಕೆಲಸ ಖಾಲಿ ಇದೆ ಎಂದಲ್ಲ, ಸಂಸ್ಥೆ ಒಳ್ಳೆಯದು ಎಂದೂ ಅಲ್ಲ.

ಇದು ಎಷ್ಟು ನಿಜ ಎಂಬುದಕ್ಕೆ ಕೇರ್ ವರ್ಕರ್‌ಗಳ ಕಥೆ ಸಾಕು. ವೃದ್ಧರ, ಅಶಕ್ತರ ಆರೈಕೆ ಮಾಡುವವರ ಕೊರತೆ ತೀವ್ರವಾದಾಗ 2022ರ ಫೆಬ್ರವರಿಯಲ್ಲಿ ಬ್ರಿಟನ್ ಈ ಕೆಲಸವನ್ನು ಕೊರತೆ ಪಟ್ಟಿಗೆ ಸೇರಿಸಿತು. ನರ್ಸಿಂಗ್ ಮಂಡಳಿಯ ಮಾನ್ಯತೆ ಬೇಡ, ಇಂಗ್ಲಿಷ್ ಮಟ್ಟವೂ ಕಡಿಮೆ ಸಾಕು. ಭಾರತದಿಂದ ಸಾವಿರಾರು ಜನ ಹೋದರು, ಅವರಲ್ಲಿ ನರ್ಸಿಂಗ್ ಓದಿದವರೂ ಇದ್ದರು: ಹೇಗಾದರೂ ಮೊದಲು ಅಲ್ಲಿಗೆ ತಲುಪೋಣ, ನೋಂದಣಿ ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕ. ನಾಲ್ಕಾರು ಜನರಿಗೂ ಕೆಲಸ ಕೊಡಲಾರದ ಸಣ್ಣಪುಟ್ಟ ಸಂಸ್ಥೆಗಳು ಹತ್ತಾರು ಜನರಿಗೆ ಸ್ಪಾನ್ಸರ್‌ಶಿಪ್ ಬರೆದವು, ದಲ್ಲಾಳಿಗಳು ಅದನ್ನು ಲಕ್ಷಗಟ್ಟಲೆಗೆ ಮಾರಿದರು. ಹೋದವರಿಗೆ ವಾರಕ್ಕೆ ಕೆಲವೇ ಗಂಟೆ ಕೆಲಸ, ಕೆಲವರಿಗೆ ಅದೂ ಇಲ್ಲ. ಸಂಸ್ಥೆಯ ಲೈಸೆನ್ಸ್ ರದ್ದಾದರೆ ಕೆಲಸಗಾರನಿಗೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಅಷ್ಟರಲ್ಲಿ ಹೊಸ ಪ್ರಾಯೋಜಕರನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. 2024ರ ಮಾರ್ಚ್‌ನಲ್ಲಿ ಹೊಸದಾಗಿ ಹೋಗುವ ಕೇರ್ ವರ್ಕರ್‌ಗಳು ಸಂಸಾರ ಕರೆದೊಯ್ಯುವುದಕ್ಕೆ ತಡೆ ಬಿತ್ತು. 2025ರ ಜುಲೈ 22ರಿಂದ ವಿದೇಶದಿಂದ ಈ ಕೆಲಸಕ್ಕೆ ಹೊಸಬರನ್ನು ಕರೆಸುವುದೇ ನಿಂತಿತು. ಬಾಗಿಲು ತೆರೆದಿದ್ದದ್ದು ಮೂರೂವರೆ ವರ್ಷ.

ಕೊರತೆ ಪಟ್ಟಿಯ ಬಗ್ಗೆ ನಮ್ಮಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆಯೂ ಇದೇ. ಪಟ್ಟಿಯಲ್ಲಿ ವೃತ್ತಿಯ ಹೆಸರು ಇದ್ದರೆ ಕೆಲಸ ಕಾದಿದೆ ಎಂದು ಓದಿಕೊಳ್ಳುತ್ತೇವೆ. ಪಟ್ಟಿ ಹೇಳುವುದು ಅಷ್ಟನ್ನಲ್ಲ. ಅದು ವೀಸಾ ನಿಯಮದ ಒಂದು ಸಾಧನ, ಅದೂ ಒಂದೊಂದು ದೇಶದಲ್ಲಿ ಒಂದೊಂದು ಕೆಲಸ ಮಾಡುವಂಥದ್ದು. ಆಸ್ಟ್ರೇಲಿಯದಲ್ಲಿ 2024ರ ಡಿಸೆಂಬರ್‌ನಿಂದ ಜಾರಿಗೆ ಬಂದ ‘ಕೋರ್ ಸ್ಕಿಲ್ಸ್’ ಪಟ್ಟಿಯಲ್ಲಿ ನಿಮ್ಮ ವೃತ್ತಿ ಇಲ್ಲದಿದ್ದರೆ ಆ ಬಗೆಯ ಪ್ರಾಯೋಜಿತ ವೀಸಾ ಕೇಳುವ ಹಾಗೇ ಇಲ್ಲ. ಐರ್ಲೆಂಡಿನಲ್ಲಿ ಪಟ್ಟಿಯಲ್ಲಿರುವವರಿಗೆ ಹೆಚ್ಚು ಅನುಕೂಲದ ಪರ್ಮಿಟ್ ಸಿಗುತ್ತದೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಪಟ್ಟಿಯಲ್ಲಿದ್ದ ಹುದ್ದೆಗೆ ಶೇ. 20ರಷ್ಟು ಕಡಿಮೆ ಸಂಬಳ ಕೊಟ್ಟರೂ ವೀಸಾ ಕೊಡುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಆ ರಿಯಾಯಿತಿ ಹೋಯಿತು, ಹಳೆಯ ಪಟ್ಟಿಯೂ ಹೋಗಿ ಚಿಕ್ಕದಾದ ಬೇರೆ ಪಟ್ಟಿ ಬಂತು. ಆ ಹೊಸ ಪಟ್ಟಿಯಲ್ಲಿ ನರ್ಸ್ ಇರಲಿಲ್ಲ! ಗಾಬರಿ ಬೀಳುವಂಥದ್ದೇನೂ ಆಗಲಿಲ್ಲ, ಯಾಕೆಂದರೆ ನರ್ಸುಗಳ ಸಂಬಳ ಅಲ್ಲಿನ ರಾಷ್ಟ್ರೀಯ ವೇತನ ಶ್ರೇಣಿಗೆ ಕಟ್ಟಿಕೊಂಡಿದೆ. ಉಳಿದವರಿಗೆ 41,700 ಪೌಂಡಿಗೆ ಏರಿದ ಸಾಮಾನ್ಯ ಮಿತಿ ಅವರಿಗೆ ಅನ್ವಯಿಸುವುದಿಲ್ಲ.

ಹಾಗಾದರೆ ವೀಸಾ ಬಾಗಿಲು ತೆರೆದೇ ಇದೆ, ಶ್ವೇತಾ ಹೋಗಬಹುದಲ್ಲ? ಇಲ್ಲಿ ಮೂರನೆಯವರು ಕೈ ಎಳೆದುಕೊಂಡಿದ್ದಾರೆ. ಬಜೆಟ್ ಬಿಗಿಯಾಗಿ, ಅಲ್ಲಿಯೇ ಓದಿದ ಹೊಸ ನರ್ಸುಗಳಿಗೆ ಕೆಲಸ ಕೊಡಬೇಕೆಂಬ ಒತ್ತಡ ಬಂದು, ಸರ್ಕಾರಿ ಆಸ್ಪತ್ರೆಗಳು ವಿದೇಶಿ ನೇಮಕಾತಿಯನ್ನು ಬಹಳ ಕಡಿಮೆ ಮಾಡಿವೆ. 2025ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎನ್‌ಎಂಸಿಗೆ ಹೊಸದಾಗಿ ಸೇರಿದ ವಿದೇಶಿ ನರ್ಸುಗಳ ಸಂಖ್ಯೆ ಹಿಂದಿನ ವರ್ಷದ ಅದೇ ಅವಧಿಯ ಸುಮಾರು ಅರ್ಧಕ್ಕೆ ಇಳಿಯಿತು. ಮಾನ್ಯತೆಯ ದಾರಿ ಸಲೀಸು, ವೀಸಾ ನಿಯಮ ಅನುಕೂಲ, ಆದರೆ ಕರೆಯುವವರಿಲ್ಲ. ಸಿಬಿಟಿ ಪಾಸಾಗಿ, ಐಇಎಲ್‌ಟಿಎಸ್ ಅಂಕ ಹಿಡಿದು ಕಾಯುತ್ತಿರುವವರ ಕಷ್ಟ ಏನೆಂದರೆ ಆ ಅಂಕಕ್ಕೂ ಎರಡೇ ವರ್ಷದ ಆಯಸ್ಸು.

ಐರ್ಲೆಂಡಿನಲ್ಲಿ ಸರದಿ ತಲೆಕೆಳಗು. ಅಲ್ಲಿನ ನರ್ಸಿಂಗ್ ಮಂಡಳಿ ಎನ್‌ಎಂಬಿಐ ಮೊದಲು ನಿಮ್ಮ ಕಾಗದಪತ್ರ ಪೂರ್ತಿ ನೋಡಿ ತೀರ್ಮಾನ ಪತ್ರ ಕೊಡಬೇಕು. ಭಾರತದಲ್ಲಿ ಓದಿದವರಿಗೆ ಸಾಮಾನ್ಯವಾಗಿ ಅದರಲ್ಲಿ ಬರುವುದು, ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯ ಅಡಿಯಲ್ಲಿ ಕೆಲವು ವಾರ ಕೆಲಸ ಮಾಡಿ ಅಥವಾ ಯೋಗ್ಯತಾ ಪರೀಕ್ಷೆ ಪಾಸು ಮಾಡಿ ಎಂದು. ಆ ಪತ್ರ ಕೈಯಲ್ಲಿದ್ದರೆ ಆಸ್ಪತ್ರೆಗಳು ಮಾತಿಗೆ ಬರುತ್ತವೆ, ಇಲ್ಲದಿದ್ದರೆ ಅರ್ಜಿಯನ್ನು ತೆರೆದೂ ನೋಡಲಿಕ್ಕಿಲ್ಲ. ತಿಂಗಳುಗಟ್ಟಲೆ ಕಾಯುವುದು ಭಾರತದಲ್ಲೇ, ಇರುವ ಕೆಲಸದಲ್ಲೇ; ಇದನ್ನು ನಾನು ಅನುಕೂಲವೆಂದೇ ಎಣಿಸುತ್ತೇನೆ. ನೋಂದಣಿಯಾದ ನರ್ಸಿಗೆ ಸಿಗುವ ‘ಕ್ರಿಟಿಕಲ್ ಸ್ಕಿಲ್ಸ್’ ಪರ್ಮಿಟ್ ಕೂಡ ಒಳ್ಳೆಯದು: ಸಂಗಾತಿ ಕೆಲಸ ಮಾಡಬಹುದು, ಎರಡು ವರ್ಷದ ಹೊತ್ತಿಗೆ ಮಾಲೀಕರ ಹಂಗಿಲ್ಲದೆ ಇರುವ ಅನುಮತಿ ಕೇಳಬಹುದು. ದೇಶ ಚಿಕ್ಕದು, ಹುದ್ದೆಗಳೂ ಅಷ್ಟೇ. ಅದೇ ಇಂಗ್ಲಿಷ್ ಅಂಕ ಹಿಡಿದು ಬ್ರಿಟನ್ನಿನ ಸರದಿ ಬಿಟ್ಟುಬಂದವರೆಲ್ಲ ಈಗ ಇಲ್ಲಿ ನಿಂತಿರುತ್ತಾರೆ.

ಜರ್ಮನಿಗೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಜನ ಬೇಕು, 2020ರಲ್ಲಿ ಜಾರಿಗೆ ಬಂದ ಕುಶಲ ಕಾರ್ಮಿಕರ ವಲಸೆ ಕಾಯಿದೆಯನ್ನು 2023-24ರಲ್ಲಿ ಇನ್ನಷ್ಟು ಸಡಿಲಿಸಿದ್ದಾರೆ, ಪ್ರಾಯೋಜಕರಿಗೆ ಬ್ರಿಟನ್ನಿನಂಥ ಲೈಸೆನ್ಸ್ ಪದ್ಧತಿಯೂ ಇಲ್ಲ. ಕಷ್ಟ ಎಲ್ಲ ಮಾನ್ಯತೆಯಲ್ಲಿ. ನರ್ಸಿಂಗ್ ಅಲ್ಲಿ ಮೂರು ವರ್ಷದ ತರಬೇತಿ: 2,100 ಗಂಟೆ ಪಾಠ, 2,500 ಗಂಟೆ ವಾರ್ಡಿನ ಕೆಲಸ. ನೀವು ಹೋಗುವ ರಾಜ್ಯದ ಮಾನ್ಯತಾ ಕಚೇರಿ ನಿಮ್ಮ ನಾಲ್ಕು ವರ್ಷದ ಪಠ್ಯವನ್ನು ಇದರ ಪಕ್ಕದಲ್ಲಿಟ್ಟು, ವಿಷಯ ವಿಷಯಕ್ಕೆ, ಗಂಟೆ ಗಂಟೆಗೆ ತಾಳೆ ನೋಡುತ್ತದೆ. ಆಮೇಲೆ ಬರುವ ಪತ್ರವನ್ನು ಡೆಫಿಜಿಟ್‌ಬೆಶೈಡ್ ಎನ್ನುತ್ತಾರೆ. ಎಲ್ಲೆಲ್ಲಿ ಕೊರತೆ ಇದೆ, ಹೇಗೆ ತುಂಬಬೇಕು ಎಂಬುದರ ಆದೇಶ ಅದು. ಮೊದಲ ಸಲ ಓದಿದವರು ತಿರಸ್ಕಾರವೆಂದುಕೊಂಡು ಅತ್ತದ್ದೂ ಇದೆ. ವಾಸ್ತವದಲ್ಲಿ ವೀಸಾಕ್ಕೆ ಬೇಕಾಗುವುದೇ ಆ ಪತ್ರ.

ಕೊರತೆ ತುಂಬಲು ಎರಡು ದಾರಿ. ಒಂದು, ಆಸ್ಪತ್ರೆಯಲ್ಲಿ ತಿಂಗಳುಗಳ ಕಾಲ ನಡೆಯುವ ಹೊಂದಾಣಿಕೆಯ ತರಬೇತಿ. ಇನ್ನೊಂದು ಜ್ಞಾನ ಪರೀಕ್ಷೆ: ಒಂದು ಮೌಖಿಕ ಭಾಗ, ಒಂದು ರೋಗಿಯ ಹಾಸಿಗೆಯ ಬಳಿ ನಡೆಯುವ ಪ್ರಾಯೋಗಿಕ ಭಾಗ, ಎರಡೂ ಜರ್ಮನ್‌ನಲ್ಲಿ. ಈಚಿನ ತಿದ್ದುಪಡಿಯಿಂದಾಗಿ ಗಂಟೆಗಳ ತಾಳೆ ನೋಡುವುದೇ ಬೇಡ, ನೇರ ಪರೀಕ್ಷೆಗೋ ತರಬೇತಿಗೋ ಬರುತ್ತೇನೆ ಎನ್ನುವ ಅವಕಾಶವೂ ಇದೆ. ಪಠ್ಯಕ್ರಮದ ಪ್ರತಿ ಪುಟವನ್ನು ಅನುವಾದ ಮಾಡಿಸುವ ಖರ್ಚು ಎಷ್ಟೆಂದು ಗೊತ್ತಿದ್ದವರಿಗೆ ಇದರ ಬೆಲೆ ಅರ್ಥವಾದೀತು. ಇದೆಲ್ಲ ಮುಗಿಯುವವರೆಗೆ ಇರಲು ಮಾನ್ಯತೆಗೆಂದೇ ಕೊಡುವ ವೀಸಾ ಇದೆ, ಎರಡು ವರ್ಷದ್ದು, ಮೂರರವರೆಗೆ ವಿಸ್ತರಿಸಬಹುದು. ಆ ಅವಧಿಯಲ್ಲಿ ಸಹಾಯಕರಾಗಿ ಕೆಲಸ, ಸಹಾಯಕರ ಸಂಬಳ. ಮೊದಲು ಹೇಳಿದ 20.50 ಯೂರೋ ಬರುವುದು ಅದರ ನಂತರ.

ಎಲ್ಲಕ್ಕಿಂತ ದೊಡ್ಡದು ಭಾಷೆ. ನರ್ಸ್ ಎಂಬ ಲೈಸೆನ್ಸಿಗೆ ಬಿ2 ಮಟ್ಟದ ಜರ್ಮನ್ ಬೇಕು. ವೀಸಾ ಹಂತದಲ್ಲೇ ಬಿ1 ಅಥವಾ ಬಿ2 ಕೇಳುವುದು ವಾಡಿಕೆ. ಸೊನ್ನೆಯಿಂದ ಬಿ2 ಮುಟ್ಟಲು 45 ನಿಮಿಷದ 600ರಿಂದ 800 ಪಾಠಗಳು ಬೇಕೆಂದು ಲೆಕ್ಕ. ನೈಟ್ ಡ್ಯೂಟಿ ಮಾಡುತ್ತ ಇದನ್ನು ಕಲಿಯುವುದೆಂದರೆ ಒಂದು ವರ್ಷ ಬೇಕೇ ಬೇಕು. ಆರು ತಿಂಗಳಲ್ಲಿ ಬಿ2 ಖಂಡಿತ ಎನ್ನುವ ಬೋರ್ಡನ್ನು ನಂಬಿ ಕೆಲಸ ಬಿಟ್ಟು ಕೂತವರು, ಪರೀಕ್ಷೆಯಲ್ಲಿ ಓದು ಬರಹ ಪಾಸಾಗಿ ಮಾತು, ಆಲಿಕೆಯಲ್ಲಿ ನಿಂತುಬಿಡುತ್ತಾರೆ. ಪರೀಕ್ಷೆ ಹೇಗೋ ದಾಟಿದರೂ, ಹಲ್ಲಿಲ್ಲದ ಎಂಬತ್ತರ ಅಜ್ಜ ತನ್ನೂರಿನ ಜರ್ಮನ್‌ನಲ್ಲಿ ನೋವು ಎಲ್ಲೆಂದು ಹೇಳುವಾಗ ಆ ಸರ್ಟಿಫಿಕೇಟ್ ನೆರವಿಗೆ ಬರುವುದಿಲ್ಲ.

ಆದರೂ ಈ ಹೊತ್ತಿನಲ್ಲಿ ಶ್ವೇತಾ ಕೇಳಿದರೆ ನಾನು ಜರ್ಮನಿಯತ್ತಲೇ ಕೈ ತೋರಿಸುತ್ತೇನೆ, ಒಂದು ವರ್ಷ ಭಾಷೆಗೆ ಕೊಡುವ ಮನಸ್ಸಿದ್ದರೆ ಮಾತ್ರ. ಕಾರಣ ಸರಳ: ಅಲ್ಲಿನ ಅಡ್ಡಿ ಬಹುಪಾಲು ಆಕೆಯ ಕೈಯಲ್ಲಿದೆ. ಬ್ರಿಟನ್ನಿನ ಅಡ್ಡಿ ಅಲ್ಲಿನ ಖಜಾನೆಯ ಕೈಯಲ್ಲಿದೆ. ನೆಲೆಸುವ ಹಕ್ಕಿನ ಲೆಕ್ಕವೂ ಹೀಗೇ ಸಾಗುತ್ತಿದೆ: ಜರ್ಮನಿ ಮಾನ್ಯತೆ ಪಡೆದ ಕುಶಲ ಕೆಲಸಗಾರರ ಕಾಯುವ ಅವಧಿಯನ್ನು ನಾಲ್ಕರಿಂದ ಮೂರು ವರ್ಷಕ್ಕೆ ಇಳಿಸಿತು, ಬ್ರಿಟನ್ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಐದನ್ನು ಹತ್ತಕ್ಕೆ ಏರಿಸುವ ಪ್ರಸ್ತಾವ ಇಟ್ಟಿತು. ಒಂದು ಎಚ್ಚರಿಕೆ ಮಾತ್ರ ಇದೆ. ಬ್ರಿಟನ್ನಿಗೆಂದು ಬರೆದ ಇಂಗ್ಲಿಷ್ ಪರೀಕ್ಷೆ ಐರ್ಲೆಂಡಿಗೂ ಆಸ್ಟ್ರೇಲಿಯಕ್ಕೂ ನಡೆಯುತ್ತದೆ. ಜರ್ಮನ್ ಬಿ2 ಎತ್ತಿಕೊಂಡು ಹೋಗಲು ಅಷ್ಟು ಜಾಗಗಳಿಲ್ಲ.

ನರ್ಸಿಂಗ್ ಬಿಟ್ಟು ಬೇರೆ ವೃತ್ತಿಗೆ ಹೋದರೆ ಇದೇ ಮಾನ್ಯತೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಹುಬ್ಬಳ್ಳಿಯ ಕಡೆಯ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬ ಆಸ್ಟ್ರೇಲಿಯಕ್ಕೆ ವಲಸೆ ಅರ್ಜಿ ಹಾಕುತ್ತಾನೆಂದುಕೊಳ್ಳಿ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್‌ನಲ್ಲಿ ಪೂರ್ಣ ಸದಸ್ಯನಾಯಿತು. ಆದರೆ ಅದರ ಲಾಭ ಎನ್‌ಬಿಎ ಟಿಯರ್-1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ, ಅಂದರೆ ಸ್ವಾಯತ್ತ ಕಾಲೇಜು, ವಿಶ್ವವಿದ್ಯಾಲಯಗಳಿಗೆ. ವಿಟಿಯು ಅಡಿಯ ಸ್ವಾಯತ್ತವಲ್ಲದ ಕಾಲೇಜು ಎಷ್ಟೇ ಒಳ್ಳೆಯದಾದರೂ ಸಿಗುವುದು ಟಿಯರ್-2. ಅಂಥವನು ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆಗೆ ತನ್ನ ಕೆಲಸದ ಮೂರು ಪ್ರಸಂಗಗಳನ್ನು, ತಾನೇ ಏನೇನು ಲೆಕ್ಕ ಹಾಕಿದೆ, ಏನು ನಿರ್ಧರಿಸಿದೆ ಎಂದು ವಿವರವಾಗಿ ಬರೆದುಕೊಡಬೇಕು. ಅದನ್ನು ಬರೆದುಕೊಡುವ ಅಂಗಡಿಗಳಿವೆ. ಕದ್ದ ಬರಹವೆಂದು ಸಿಕ್ಕಿಬಿದ್ದರೆ ಮತ್ತೆ ಅರ್ಜಿ ಹಾಕುವುದಕ್ಕೇ ನಿಷೇಧ ಬೀಳುತ್ತದೆ. ಅದೇ ಮನುಷ್ಯ ಜರ್ಮನಿಯ ಕಾರ್ಖಾನೆಯಲ್ಲಿ ಸಾಮಾನ್ಯ ಎಂಜಿನಿಯರಿಂಗ್ ಕೆಲಸ ಮಾಡಲು ಇಂಥ ಲೈಸೆನ್ಸ್ ಬೇಕಿಲ್ಲ. ಅಲ್ಲಿ anabin ಎಂಬ ಸರ್ಕಾರಿ ದತ್ತಸಂಚಯದಲ್ಲಿ ಅವನ ವಿಶ್ವವಿದ್ಯಾಲಯಕ್ಕೆ H+ ಗುರುತು ಇದೆಯೇ, ಪದವಿ ಜರ್ಮನ್ ಪದವಿಗೆ ಸಮವೆಂದು ನಮೂದಾಗಿದೆಯೇ ಎಂದು ನೋಡುತ್ತಾರೆ.

ದಲ್ಲಾಳಿಗಳ ವಿಷಯಕ್ಕೆ ಬಂದರೆ, ಅಳತೆಗೋಲು ಇಟ್ಟುಕೊಳ್ಳುವುದು ಕಷ್ಟವಲ್ಲ. ಭಾರತದ ವಲಸೆ ಕಾಯಿದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಣಿ ಮಾಡಿಸಿರಬೇಕು, ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚಿನ ಸೇವಾ ಶುಲ್ಕ ಪಡೆಯುವಂತಿಲ್ಲ. ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ತಾಣದಲ್ಲಿ ಹುಡುಕಬಹುದು. ಬ್ರಿಟನ್ನಿನಲ್ಲಿ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಶುಲ್ಕವನ್ನು ಕೆಲಸಗಾರನ ಮೇಲೆ ಹಾಕುವುದು 2024ರ ಡಿಸೆಂಬರ್ ಕೊನೆಯಿಂದ ನಿಷಿದ್ಧ. ಹಾಗಾಗಿ ಸರ್ಟಿಫಿಕೇಟಿಗೆ ಇಷ್ಟು ಲಕ್ಷ ಎಂಬ ಮಾತು ಬಂದ ಕ್ಷಣವೇ ಅದು ಮೋಸವೆಂದು ತಿಳಿಯಬಹುದು. ಮುಂದಿನ ವಿಚಾರಣೆ ಬೇಕಿಲ್ಲ. ಜರ್ಮನಿಗೆ ನರ್ಸುಗಳನ್ನು ಕಳಿಸುವವರಿಗೆ ಅಲ್ಲಿನ ಸರ್ಕಾರ ನ್ಯಾಯಯುತ ನೇಮಕಾತಿಯ ಮುದ್ರೆ ಕೊಡುತ್ತದೆ. ಖರ್ಚು ಆಸ್ಪತ್ರೆಯದು, ನರ್ಸಿನದಲ್ಲ ಎಂಬುದು ಅದರ ಷರತ್ತು.

ಇಷ್ಟೆಲ್ಲ ಮುಂಚೆ ಶ್ವೇತಾ ಈ ವಾರವೇ ಮಾಡಬಹುದಾದ ಒಂದು ಕೆಲಸ ಇದೆ, ದೇಶ ಯಾವುದೇ ಆಗಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಶ್ವವಿದ್ಯಾಲಯದ ಪದವಿ ಪತ್ರ, ನರ್ಸಿಂಗ್ ಪರಿಷತ್ತಿನ ನೋಂದಣಿ, ಪಾಸ್‌ಪೋರ್ಟ್ ನಾಲ್ಕನ್ನೂ ಮೇಜಿನ ಮೇಲಿಟ್ಟು ಹೆಸರು ಓದಬೇಕು. ನಮ್ಮ ಕಡೆ ಒಂದರಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಇನ್ನೊಂದರಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆಗಿರುವುದು ಮಾಮೂಲು. ಮದುವೆಯಾದವರಿಗೆ ನಾಲ್ಕನೆಯ ರೂಪವೂ ಇರಬಹುದು. ವಿದೇಶದ ಮಂಡಳಿಗೆ ಪರಿಷತ್ತು ನೇರವಾಗಿ ಕಳಿಸುವ ದೃಢೀಕರಣದಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಬಂದರೆ ಕಡತ ಅಲ್ಲೇ ನಿಲ್ಲುತ್ತದೆ. ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ಟನ್ನು ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಪದವಿ ಪತ್ರ ಮತ್ತು ಪರಿಷತ್ತಿನ ದಾಖಲೆ ತಿದ್ದಿಸಲು ತಿಂಗಳುಗಳೇ ಹಿಡಿಯಬಹುದು. ಆ ತಿಂಗಳುಗಳು ಜರ್ಮನ್ ಕ್ಲಾಸಿನ ಜೊತೆಜೊತೆಗೇ ಕಳೆದರೆ ನಷ್ಟವಿಲ್ಲ; ಆಸ್ಪತ್ರೆಯ ಆಫರ್ ಲೆಟರ್ ಬಂದ ಮೇಲೆ ಶುರುವಾದರೆ ಆ ಆಫರ್ ಇನ್ನೊಬ್ಬರ ಪಾಲಾಗುತ್ತದೆ.